ನಿಮ್ಮ ಹಿಟ್ಟಿನಲ್ಲಿ ಹೊಸದೇನಿದೆ?

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಇಡ್ಲಿ, ದೋಸೆ ಹಿಟ್ಟಿನ ಅಂಗಡಿ ತೆರೆದದ್ದು 2011ರಲ್ಲಿ. ಅಂದಿನಿಂದ ಅದನ್ನು ಮಗಳ ಕೈಗೆ ಒಪ್ಪಿಸುವವರೆಗೂ ಜನ ನನ್ನನ್ನು ಅತಿ ಹೆಚ್ಚು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಹೊಸದೇನಿದೆ?" ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳಿದರು. ಸಂತೆಪೇಟೆಯಲ್ಲಿ ಉದ್ದು ಕೊಳ್ಳುವಾಗ ಸಗಟು ಅಂಗಡಿಯ ಶೆಟ್ಟರು ಕೇಳಿದರು. ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ನೆಂಟರು ಕೇಳಿದರು. ಈಗ ಸ್ವಂತದ್ದೇನಾದರೂ ಶುರು ಮಾಡಬೇಕೆಂದಿರುವ ಹುಡುಗ ಹುಡುಗಿಯರು ಅದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡು, ಉತ್ತರ ಸಿಗದೆ ನನ್ನ ಹತ್ತಿರ ಬರುತ್ತಾರೆ. "ಆಂಟಿ, ಎಲ್ಲರೂ ಮಾಡೋದನ್ನೇ ನಾನೂ ಸರಿಯಾಗಿ ಮಾಡಿದರೆ ಸಾಕಾ? ಏನಾದರೂ ವಿಶೇಷ ಇರಲೇಬೇಕಾ?" ಆ ಪ್ರಶ್ನೆಗಳಿಗೆ ಆಯಾ ಕಾಲದಲ್ಲಿ ನಾನು ಕೊಟ್ಟ ಉತ್ತರಗಳನ್ನೂ, ಆ ಉತ್ತರಗಳ ಹಿಂದಿದ್ದ ಕೆಲಸವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಬ್ಯಾಂಕಿನ ಅಧಿಕಾರಿ ಕೇಳಿದ ರೀತಿ ಇನ್ನೂ ನೆನಪಿದೆ. "ಮೇಡಂ, ಆ ಬಡಾವಣೆಯಲ್ಲಿ ಆಗಲೇ ನಾಲ್ಕು ಜನ ಹಿಟ್ಟು ಮಾರುತ್ತಿದ್ದಾರೆ. ನೀವು ಐದನೆಯವರು. ಜನ ಅವರನ್ನು ಬಿಟ್ಟು ನಿಮ್ಮ ಹತ್ತಿರ ಯಾಕೆ ಬರಬೇಕು?" ಅದು ನ್ಯಾಯವಾದ ಪ್ರಶ್ನೆ. ಸಾಲ ಕೊಡುವವರು ಕೇಳಲೇಬೇಕಾದದ್ದು. ನನ್ನ ಹತ್ತಿರ ಉತ್ತರ ಇತ್ತು, ಏಕೆಂದರೆ ಅಂಗಡಿ ತೆರೆಯುವ ಮೊದಲು ಒಂದು ಮಳೆಗಾಲವಿಡೀ ಆ ನಾಲ್ವರ ಹಿಟ್ಟನ್ನೂ ಸರದಿಯ ಮೇಲೆ ಮನೆಗೆ ತಂದು, ಇಡ್ಲಿ ಬೇಯಿಸಿ, ಹೇಗೆ ಬಂತು ಎಂದು ಬರೆದಿಟ್ಟಿದ್ದೆ. ಯಾರ ಹಿಟ್ಟೂ ಕೆಟ್ಟದ್ದಾಗಿರಲಿಲ್ಲ. ಒಬ್ಬರದಂತೂ ಒಳ್ಳೆಯ ದಿನ ನಮ್ಮತ್ತೆಯವರು ರುಬ್ಬಿದಷ್ಟೇ ಚೆನ್ನಾಗಿರುತ್ತಿತ್ತು. ಆದರೆ ನಿನ್ನೆ ಇದ್ದಂತೆ ಇವತ್ತು ಇರುತ್ತಿರಲಿಲ್ಲ. ಸೋಮವಾರ ಉಬ್ಬಿದ್ದು ಗುರುವಾರ ಉಬ್ಬುತ್ತಿರಲಿಲ್ಲ. ಬಿಸಿಲು ಬಂದ ದಿನ ಹುಳಿ, ಮೋಡ ಕವಿದ ದಿನ ಸಪ್ಪೆ. ಭಾನುವಾರ ಸಂಜೆ, ಮರುದಿನ ಮಕ್ಕಳ ಡಬ್ಬಿಗೆ ಇಡ್ಲಿ ಬೇಕಾದಾಗಲೇ, ಇಬ್ಬರ ಅಂಗಡಿ ಮುಚ್ಚಿರುತ್ತಿತ್ತು. ನಾನು ಆ ಪುಸ್ತಕವನ್ನು ಅಧಿಕಾರಿಯ ಮುಂದಿಟ್ಟು ಹೇಳಿದೆ: "ಸರ್, ನನ್ನ ಹಿಟ್ಟಿನಲ್ಲಿ ಹೊಸದೇನೂ ಇರುವುದಿಲ್ಲ. ಸಂಜೆ ಕೊಂಡುಹೋದದ್ದು ಬೆಳಿಗ್ಗೆ ಏಳು ಗಂಟೆಗೆ ಇಡ್ಲಿಗೆ ಬಂದಿರುತ್ತದೆ. ವರ್ಷದ ಎಲ್ಲಾ ದಿನವೂ ಬಂದಿರುತ್ತದೆ."

ಕೇಳಲು ಇದು ಸಣ್ಣ ಮಾತು. ಮಾಡಲು ಹೋದರೆ ಎಷ್ಟು ದೊಡ್ಡದು ಎನ್ನುವುದು ಹಿಟ್ಟಿನ ಸ್ವಭಾವ ಬಲ್ಲವರಿಗೆ ಗೊತ್ತು. ಹಿಟ್ಟಿಗೆ ನಾವು ಹೆಪ್ಪು ಹಾಕುವುದಿಲ್ಲ. ಉದ್ದಿನ ಮೇಲೆ ತಾನಾಗಿಯೇ ಇರುವ ಸೂಕ್ಷ್ಮಜೀವಿಗಳು ನೆನೆದು ಎಚ್ಚೆತ್ತು, ಸಕ್ಕರೆಯ ಅಂಶವನ್ನು ತಿಂದು, ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಆ ಗಾಳಿಯನ್ನು ಉದ್ದಿನ ಲೋಳೆ, ಪ್ರೋಟೀನು ಹಿಡಿದಿಟ್ಟುಕೊಂಡಾಗ ಹಿಟ್ಟು ಉಬ್ಬುತ್ತದೆ. ಅವು ಎಷ್ಟು ಬೇಗ ಕೆಲಸ ಮಾಡುತ್ತವೆ ಎನ್ನುವುದನ್ನು ತೀರ್ಮಾನಿಸುವುದು ಶಾಖ. ಅಡುಗೆ ಮನೆ 28 ಡಿಗ್ರಿ ಇದ್ದರೆ ಏಳೆಂಟು ಗಂಟೆಯಲ್ಲಿ ಹದಕ್ಕೆ ಬರುವ ಹಿಟ್ಟು, ಡಿಸೆಂಬರಿನಲ್ಲಿ ರಾತ್ರಿ 17 ಡಿಗ್ರಿಗೆ ಇಳಿಯುವ ಮೈಸೂರಿನಲ್ಲಿ ಹದಿನಾಲ್ಕು ಗಂಟೆಯಾದರೂ ಮಲಗಿರುತ್ತದೆ. ಇದರ ಮೇಲೆ ಇನ್ನೊಂದು ತೊಡಕು. ಹುದುಗು ಬರುವುದು ನನ್ನ ಅಂಗಡಿಯಲ್ಲಲ್ಲ, ಕೊಂಡವರ ಮನೆಯಲ್ಲಿ. ಅಲ್ಲಿ ನನ್ನ ಕೈ ನಡೆಯುವುದಿಲ್ಲ.

ಹಾಗಾಗಿ ಬೆಳಗಿನ ಇಡ್ಲಿ ದಿನವೂ ಒಂದೇ ಥರ ಇರಬೇಕಾದರೆ ನನ್ನ ಕೆಲಸ ದಿನವೂ ಬದಲಾಗಬೇಕಿತ್ತು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ರುಬ್ಬುತ್ತಿದ್ದೆವು. ಗ್ರೈಂಡರಿನ ಕಲ್ಲು ತಿರುಗಿದಂತೆ ಹಿಟ್ಟು ಬಿಸಿಯಾಗುತ್ತದೆ, ಬಿಸಿಯಾದರೆ ಮಾರುವ ಮೊದಲೇ ಹುಳಿಗೆ ತಿರುಗುತ್ತದೆ, ಅದಕ್ಕೆ ಉದ್ದಿಗೆ ಐಸ್ ನೀರು ಹಾಕುತ್ತಿದ್ದೆವು. ಉಪ್ಪು ಹುದುಗನ್ನು ನಿಧಾನಗೊಳಿಸುವುದರಿಂದ ಬೇಸಿಗೆಯಲ್ಲಿ ರುಬ್ಬುವಾಗಲೇ ಬೆರೆಸುತ್ತಿದ್ದೆವು. ಚಳಿಗಾಲದಲ್ಲಿ ಇದೆಲ್ಲ ತಿರುವುಮುರುವು. ಬೆಳಿಗ್ಗೆ ಹನ್ನೊಂದಕ್ಕೇ ರುಬ್ಬಿ ಮುಗಿಸಿ, ಉಪ್ಪು ಹಾಕದೆ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಬಿಸಿನೀರಿನ ಹಂಡೆಯ ಪಕ್ಕ ಪಾತ್ರೆ ಇಟ್ಟು, ಹುದುಗಿಗೆ ಒಂದು ದಾರಿ ಮಾಡಿಕೊಟ್ಟು, ಮಾರುವ ಮುಂಚೆ ಉಪ್ಪು ಬೆರೆಸುತ್ತಿದ್ದೆವು. ಮನೆಗೆ ಹೋದ ಹಿಟ್ಟು ಅರ್ಧ ದಾರಿ ಆಗಲೇ ನಡೆದಿರುತ್ತಿತ್ತು. ಏಪ್ರಿಲ್ ಹಿಟ್ಟಾಗಲಿ ಡಿಸೆಂಬರ್ ಹಿಟ್ಟಾಗಲಿ, ಕೊಂಡವರು ಏಳು ಗಂಟೆಗೆ ಮುಚ್ಚಳ ತೆಗೆದಾಗ ಕಾಣುತ್ತಿದ್ದದ್ದು ಒಂದೇ.

ಒಮ್ಮೆ ನಮ್ಮತ್ತೆಯವರು ಕೇಳಿದರು: "ಅಲ್ಲ ಕಣಮ್ಮ, ಬೇರೆಯವರ ಮನೆಯಲ್ಲಿ ಉಬ್ಬಿತೋ ಇಲ್ಲವೋ ನಿನಗೆ ಹೇಗೆ ಗೊತ್ತಾಗತ್ತೆ?" ಅದಕ್ಕೊಂದು ಉಪಾಯ ಮಾಡಿದ್ದೆವು. ಪ್ರತಿ ಒಬ್ಬೆಯ ಹಿಟ್ಟಿನಲ್ಲಿ ಸ್ವಲ್ಪವನ್ನು ಒಂದು ಗಾಜಿನ ಲೋಟಕ್ಕೆ ತೆಗೆದು, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ರುಬ್ಬಿದ ಗಂಟೆ ಬರೆದ ಚೀಟಿ ಅಂಟಿಸಿ, ನಮ್ಮ ಅಡುಗೆ ಮನೆಯ ಗೂಡಿನಲ್ಲಿ ಇಡುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ನೋಡುತ್ತಿದ್ದದ್ದು ಆ ಲೋಟಗಳನ್ನು. ಬ್ಯಾಂಡಿನ ಕೆಳಗೆ ಇದ್ದಷ್ಟೇ ಎತ್ತರ ಮೇಲೆಯೂ ಏರಿದ್ದರೆ ಸರಿ. ಏರಿ ಕುಸಿದ ಗುರುತು ಗಾಜಿನ ಮೇಲೆ ಇದ್ದರೆ ನಿನ್ನೆ ಬೇಗ ರುಬ್ಬಿದ್ದೇವೆ ಎಂದರ್ಥ. ಏರದೆ ಇದ್ದರೆ ಉದ್ದು ಹಳೆಯದೋ, ರಾತ್ರಿ ಚಳಿ ಜಾಸ್ತಿಯಾಯಿತೋ ಎಂದು ಹುಡುಕುತ್ತಿದ್ದೆ. ಯಾರಾದರೂ ಬಂದು "ಉಬ್ಬಲಿಲ್ಲ" ಎಂದರೆ ಆ ಲೋಟವೇ ಸಾಕ್ಷಿ. ಲೋಟ ಉಬ್ಬಿಲ್ಲದಿದ್ದರೆ ಮಾತಿಲ್ಲದೆ ಬೇರೆ ಹಿಟ್ಟು, ಹಾಗೂ ಆ ಒಬ್ಬೆಯನ್ನು ಕೊಂಡ ಖಾಯಂ ಮನೆಗಳಿಗೆಲ್ಲ ನಾವೇ ಫೋನ್. ಲೋಟ ಉಬ್ಬಿದ್ದರೆ, "ಫ್ರಿಜ್ಜಿಗೆ ಇಟ್ಟಿದ್ದಿರಾ?" ಎಂದು ಕೇಳುತ್ತಿದ್ದೆ. ಬಹಳ ಸಲ ಹಾಗೇ ಆಗಿರುತ್ತಿತ್ತು. ಆಗಲೂ ಅರ್ಧ ಕಿಲೋ ಕೊಟ್ಟು, ರಾತ್ರಿ ಹೊರಗೇ ಇಡಬೇಕೆಂದು ಹೇಳಿ ಕಳಿಸುತ್ತಿದ್ದೆ.

"ಸರಿ, ನಂಬಿಕೆ ಬರೋದು ಹತ್ತು ಸಲ ಕೊಂಡಮೇಲೆ. ಮೊದಲ ಸಲ ಯಾಕೆ ಕೊಳ್ಳಬೇಕು?" ಇದು ನನ್ನ ಯಜಮಾನರ ಪ್ರಶ್ನೆ. ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತಿದ್ದವರು ಅವರು, ಪ್ರಶ್ನೆ ಯಾವಾಗಲೂ ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಭರವಸೆ ಎನ್ನುವುದು ಕಣ್ಣಿಗೆ ಕಾಣುವ ಸರಕಲ್ಲ. ಹಿಟ್ಟು ತುಂಬಿದ ಎರಡು ಪಾತ್ರೆ ಪಕ್ಕ ಪಕ್ಕ ಇಟ್ಟರೆ ಯಾವುದು ನಂಬಿಕಸ್ಥರದು ಎಂದು ಹೇಳಲಾಗದು. ಅದಕ್ಕೆ ನಾವು ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ತೂಗುಹಾಕಿ, ಅದರ ಮೇಲೆ ಮೂರು ಸಾಲು ಬರೆದೆವು: ಇವತ್ತು ರುಬ್ಬಿದ ಗಂಟೆ, ಉದ್ದು ಮತ್ತು ರವೆಯ ಅಳತೆ, ನಾಳೆ ಯಾವ ಗಂಟೆಗೆ ಹದಕ್ಕೆ ಬರುತ್ತದೆ. ಕೆಳಗೆ, "ಬಾರದಿದ್ದರೆ ಹಣ ವಾಪಸ್" ಎಂದು. ದಾರಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. ಹಿಟ್ಟಿನ ಅಂಗಡಿಯಲ್ಲಿ ಗಂಟೆ ಬರೆದದ್ದನ್ನು ಅವರು ಬೇರೆಲ್ಲೂ ನೋಡಿರಲಿಲ್ಲ. ಇದೂ ಒಂದು ಹೊಸತನವೇ ಅಲ್ಲವೇ ಎಂದು ಕೇಳಬಹುದು. ಹೌದು, ಹೊಸತನವೇ. ಆದರೆ ಅದು ಹಿಟ್ಟನ್ನು ಬದಲಿಸಲಿಲ್ಲ. ಹಿಟ್ಟಿನ ಬಗ್ಗೆ ನಾವು ಕೊಡುವ ಮಾತನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಸುಳ್ಳಾದರೆ ಮರುದಿನವೇ ಹಿಡಿದು ಕೇಳಲು ಜನರಿಗೆ ಅವಕಾಶ ಕೊಟ್ಟಿತು.

ಈ ದಾರಿಯಲ್ಲಿ ದೊಡ್ಡವರು ನಮಗಿಂತ ಬಹಳ ಮೊದಲೇ ನಡೆದಿದ್ದಾರೆ. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ನೋಡಿ ಬಂದಮೇಲೆ ಅಡುಗೆ ಮನೆಯ ಶುಚಿತ್ವಕ್ಕೆ ಕಟ್ಟುನಿಟ್ಟು ತಂದರು, ಗಿರಾಕಿಗಳು ಅಡುಗೆ ಮನೆಯನ್ನು ಕಣ್ಣಾರೆ ನೋಡುವಂತೆ ಮಾಡಿದರು. ಅದೇ ಹೋಟೆಲಿನ ರವೆ ಇಡ್ಲಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಿಂದ ಎಂದು ಅವರ ಮನೆತನದವರು ಹೇಳುತ್ತಾರೆ. ಅಂದರೆ ಹೆಸರಾಂತ ಆ ಹೊಸ ತಿಂಡಿ ಬಂದದ್ದೂ, ಅಕ್ಕಿ ಇಲ್ಲದ ದಿನವೂ ಬಂದವರ ತಟ್ಟೆಗೆ ಇಡ್ಲಿ ಬೀಳಬೇಕು ಎನ್ನುವ ಹಟದಿಂದ. ನಮ್ಮದೇ ಹಿಟ್ಟಿನ ವ್ಯಾಪಾರದಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ಬೆಂಗಳೂರಿನ ಒಂದು ಪುಟ್ಟ ಕೋಣೆಯಲ್ಲಿ ಐಡಿ ಫ್ರೆಶ್ ಶುರು ಮಾಡಿದರು. ಆಗ ಹಿಟ್ಟು ಹೊಸದಾಗಿರಲಿಲ್ಲ. ಬೇರೆಯವರು ಆಗಲೇ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಬೀದಿ ಬೀದಿಯಲ್ಲಿ ಮಾರುತ್ತಿದ್ದರು. ಜನ ದೂರುತ್ತಿದ್ದದ್ದು ಅದರ ಗುಣಮಟ್ಟದ ಬಗ್ಗೆ. ಮುಸ್ತಫಾ ಬಳಗ ಕೈಹಾಕಿದ್ದು ಆ ದೂರಿಗೆ. ಹಾಗೆ ಶುರುಮಾಡಿಯೂ ದಿನಕ್ಕೆ ನೂರು ಪ್ಯಾಕೆಟ್ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು ಎಂದು ಮುಸ್ತಫಾ ಅವರೇ ಹೇಳಿಕೊಂಡಿದ್ದಾರೆ. ನಂಬಿಕೆಯ ಮೇಲೆ ಕಟ್ಟುವ ವ್ಯಾಪಾರ ಮೊದಲಲ್ಲಿ ನಿಧಾನ. ಕೈಯಲ್ಲಿ ಅಷ್ಟು ತಿಂಗಳು ತಡೆಯುವ ದುಡ್ಡಿಲ್ಲದವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ನಾನು ಪಡೆದ ಸಾಲದಲ್ಲಿ ಗ್ರೈಂಡರಿಗಿಂತ ಹೆಚ್ಚು ಪಾಲು ಬಾಡಿಗೆಗೂ ಸಂಬಳಕ್ಕೂ ಎತ್ತಿಟ್ಟದ್ದು ಅದಕ್ಕೇ.

ಆ ಗ್ರೈಂಡರಿನ ವಿಷಯದಲ್ಲೂ ಪ್ರಶ್ನೆ ಬಂತು. "ಅಕ್ಕ, ಇಪ್ಪತ್ತು ಲೀಟರಿನದು ಒಂದು ತಗೊಂಡ್ರೆ ಜಾಗವೂ ಉಳಿಯತ್ತೆ, ದುಡ್ಡೂ ಉಳಿಯತ್ತೆ. ಹತ್ತು ಲೀಟರಿನವು ಎರಡು ಯಾಕೆ?" ಎಂದರು ಅಂಗಡಿಯವರು. ಒಂದು ನಿಂತರೆ ಇನ್ನೊಂದು ಇರಲಿ ಎಂದೆ. ಬೆಲ್ಟ್ ಹರಿಯುತ್ತದೆ, ಮೋಟಾರ್ ಸುಡುತ್ತದೆ, ಅದೂ ಹಬ್ಬದ ಹಿಂದಿನ ದಿನವೇ. ಕರೆಂಟ್ ಹೋಗುವುದಂತೂ ಆ ವರ್ಷಗಳ ಬೇಸಿಗೆಯಲ್ಲಿ ಮಾಮೂಲು. ರುಬ್ಬುವುದು ಅರ್ಧಕ್ಕೆ ನಿಂತ ಉದ್ದು ಕಲ್ಲಿನಲ್ಲೇ ಬೆಚ್ಚಗೆ ಕೂತರೆ ಆಮೇಲೆ ಎಷ್ಟು ತಿರುಗಿಸಿದರೂ ಹಗುರಾಗುವುದಿಲ್ಲ. ಅದು ಹಗುರಾಗಿದೆಯೇ ಎಂದು ನೋಡಲು ಒಂದು ಬಟ್ಟಲು ನೀರಿಗೆ ಒಂದು ಹನಿ ಹಾಕುತ್ತೇವೆ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಗಾಳಿ ಸೇರಿಲ್ಲ. ಕರೆಂಟ್ ಹೋದಾಗ ರುಬ್ಬುವುದು ನಿಲ್ಲಬಾರದೆಂದು ಸಣ್ಣ ಜನರೇಟರ್ ಒಂದನ್ನು ಬಾಡಿಗೆಗೆ ಗೊತ್ತುಮಾಡಿಕೊಂಡಿದ್ದೆವು. ಇವೆಲ್ಲ ಗಿರಾಕಿಗೆ ಕಾಣದ ಖರ್ಚು. ವಿಶೇಷ ರುಚಿಗೆ ಮಾಡುವ ಖರ್ಚು ಹಲಗೆಯ ಮೇಲೆ ಬರೆದು ತೋರಿಸಬಹುದು. ಭರವಸೆಗೆ ಮಾಡುವ ಖರ್ಚು ಏನೂ ಆಗದೇ ಹೋದ ದಿನಗಳ ರೂಪದಲ್ಲಿ ಮಾತ್ರ ಇರುತ್ತದೆ.

ನಮ್ಮನ್ನು ನಿಜವಾಗಿ ಪರೀಕ್ಷೆ ಮಾಡಿದ್ದು 2015ರ ಕೊನೆಯ ತಿಂಗಳುಗಳು. ಎರಡು ವರ್ಷ ಸತತವಾಗಿ ಮುಂಗಾರು ಕೈಕೊಟ್ಟು ಬೇಳೆಗಳ ಬೆಲೆ ಏರಿತು. ನಾನು ಕಿಲೋಗೆ 90 ರೂಪಾಯಿಯ ಆಸುಪಾಸಿನಲ್ಲಿ ಕೊಳ್ಳುತ್ತಿದ್ದ ಉದ್ದು 170ಕ್ಕೆ ಹೋಯಿತು. ಶೆಟ್ಟರು ತಕ್ಕಡಿ ಹಿಡಿದುಕೊಂಡೇ ಕೇಳಿದರು: "ಏನಮ್ಮಾ, ಎಲ್ಲರೂ ಉದ್ದು ಕಮ್ಮಿ ಒಯ್ಯುತ್ತಿದ್ದಾರೆ. ನೀನು ಮಾತ್ರ ಹಳೇ ಲೆಕ್ಕ ಹೇಳ್ತಿದ್ದೀಯ?"

ಆ ಲೆಕ್ಕ ಹೀಗಿತ್ತು. ಒಂದು ಕಿಲೋ ಇಡ್ಲಿ ಹಿಟ್ಟಿಗೆ ಸುಮಾರು 280 ಗ್ರಾಂ ಇಡ್ಲಿ ರವೆ, 140 ಗ್ರಾಂ ಉದ್ದು, ಉಳಿದದ್ದು ನೀರು. ಎರಡಕ್ಕೆ ಒಂದರ ಅಳತೆ. ರವೆ ಕಿಲೋಗೆ 30 ರೂಪಾಯಿಯಾದರೆ ಅದರ ಪಾಲು ಎಂಟು ರೂಪಾಯಿ ಚಿಲ್ಲರೆ. ಉದ್ದಿನ ಪಾಲು ಮೊದಲು ಹನ್ನೆರಡೂವರೆ ಇದ್ದದ್ದು ಈಗ ಇಪ್ಪತ್ನಾಲ್ಕರ ಹತ್ತಿರ ಬಂತು. ಒಟ್ಟು ಸಾಮಗ್ರಿಯ ಖರ್ಚು 21ರಿಂದ 32ಕ್ಕೆ ಏರಿತು. ನಾವು ಮಾರುತ್ತಿದ್ದದ್ದು 40ಕ್ಕೆ. ಬಾಡಿಗೆ, ಸಂಬಳ, ಕರೆಂಟು ಕಳೆದರೆ ಕೈಯಿಂದ ಹೋಗುತ್ತಿತ್ತು. ಅಳತೆಯನ್ನು ನಾಲ್ಕಕ್ಕೆ ಒಂದು ಮಾಡಿದರೆ ಉದ್ದು 84 ಗ್ರಾಂ ಸಾಕು, ಖರ್ಚು ಮತ್ತೆ 24ರ ಆಸುಪಾಸಿಗೆ ಇಳಿಯುತ್ತದೆ. ಕಿಲೋಗೆ ಎಂಟು ರೂಪಾಯಿ ಉಳಿಯುತ್ತದೆ. ಆ ಕಮ್ಮಿ ಹಿಟ್ಟು ನೋಡಲು ಬಿಳುಪಾಗಿ ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ಸೋಡಾ ಹಾಕಿದರೆ ಉಬ್ಬಿದಂತೆಯೂ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಇಡ್ಲಿ ತಟ್ಟೆಯಿಂದ ಎಬ್ಬಿಸಿದಾಗ. ಗಾಳಿ ಹಿಡಿದಿಡಲು ಸಾಕಷ್ಟು ಉದ್ದಿಲ್ಲದ ಇಡ್ಲಿ ಒತ್ತಿದರೆ ಮೇಲೇಳುವುದಿಲ್ಲ, ಮಧ್ಯಾಹ್ನ ಮಗು ಡಬ್ಬಿ ತೆಗೆಯುವ ಹೊತ್ತಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ದೋಸೆಗೆ ಉದ್ದು ಸ್ವಲ್ಪ ಕಮ್ಮಿಯಾದರೂ ನಡೆಯುತ್ತದೆ. ಇಡ್ಲಿ ಅದನ್ನು ಮುಚ್ಚಿಡುವುದಿಲ್ಲ.

ನಾವು ಅಳತೆ ಮುಟ್ಟಲಿಲ್ಲ. ಹಲಗೆಯ ಮೇಲೆ ಹಳೆಯ ಉದ್ದಿನ ಬೆಲೆ, ಹೊಸ ಉದ್ದಿನ ಬೆಲೆ ಎರಡನ್ನೂ ಬರೆದು, "ಅಳತೆ ಅದೇ, ಬೆಲೆ 50" ಎಂದು ಹಾಕಿದೆವು. ಸಾಮಗ್ರಿ ಹನ್ನೊಂದು ರೂಪಾಯಿ ಏರಿತ್ತು, ನಾವು ಏರಿಸಿದ್ದು ಹತ್ತು. ಕೆಲವರು ಬಿಟ್ಟುಹೋದರು, ಅದನ್ನು ಮುಚ್ಚಿಡಬೇಕಾಗಿಲ್ಲ. ದೋಸೆಗೆ ಮಾತ್ರ ಕೊಳ್ಳುತ್ತಿದ್ದ ಒಂದು ಮೆಸ್ಸಿನವರು ಕಡಿಮೆ ಬೆಲೆಯವರ ಹತ್ತಿರ ಹೋದರು, ಅವರ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ. ಆದರೆ ಮಕ್ಕಳಿಗೆ ಡಬ್ಬಿ ಕಟ್ಟುವ ಮನೆಗಳು ಉಳಿದವು. ಬೇರೆ ಬೀದಿಗಳಿಂದಲೂ ಹೊಸಬರು ಬಂದರು. ಯಾಕೆ ಬಂದಿರಿ ಎಂದು ಒಬ್ಬರನ್ನು ಕೇಳಿದೆ. "ಈಗ ಯಾರ ಹಿಟ್ಟಿನಲ್ಲಿ ಏನಿದೆಯೋ ಗೊತ್ತಾಗ್ತಿಲ್ಲ. ನೀವು ಬರೆದು ಹಾಕಿದ್ದೀರಿ" ಎಂದರು. ಎಲ್ಲವೂ ಸಲೀಸಾಗಿದ್ದ ಕಾಲದಲ್ಲಿ ನಮ್ಮ ಹಿಟ್ಟಿಗೂ ಇನ್ನೊಬ್ಬರ ಹಿಟ್ಟಿಗೂ ಇದ್ದ ಅಂತರ ಸಣ್ಣದು. ಕಷ್ಟದ ಕಾಲದಲ್ಲಿ ಆ ಅಂತರ ಎಲ್ಲರಿಗೂ ಕಾಣುವಷ್ಟು ಅಗಲವಾಯಿತು. ವಿಶೇಷ ಬೇಕೆನ್ನುವವರಿಗೆ ನಾನು ಈ ಮಾತನ್ನು ಒತ್ತಿ ಹೇಳುತ್ತೇನೆ. ಎಲ್ಲರೂ ಅಳತೆ ಇಳಿಸಿದ ದಿನ ಇಳಿಸದೆ ಇರುವುದೇ ಬೇರೆಯವರು ನಕಲು ಮಾಡಲಾಗದ ವಿಶೇಷ.

ನನ್ನ ಅಣ್ಣನ ಮಗ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ರಜೆಗೆ ಬಂದಾಗಲೆಲ್ಲ ಅವನದೊಂದು ಪ್ರಶ್ನೆ: "ಅತ್ತೆ, ರಾಗಿ ಹಿಟ್ಟು, ನವಣೆ ಹಿಟ್ಟು, ಬೀಟ್‌ರೂಟ್ ಹಿಟ್ಟು, ಪಾಲಕ್ ಹಿಟ್ಟು ಮಾಡಬಾರದಾ? ಈಗ ಜನ ಅದನ್ನೇ ಹುಡುಕ್ತಿರೋದು." ಅವನ ಮಾತಿನಲ್ಲಿ ನಿಜವಿತ್ತು, ಜನ ಕೇಳುತ್ತಲೂ ಇದ್ದರು. ಅವನೊಂದಿಗೆ ಕೂತು ಲೆಕ್ಕ ಹಾಕಿದೆ. ಒಂದೇ ಬಗೆಯ ಹಿಟ್ಟು ದಿನಕ್ಕೆ 60 ಕಿಲೋ ಹೋಗುವ ಅಂಗಡಿಯಲ್ಲಿ ಒಬ್ಬರು ಬಾರದಿದ್ದರೆ ಇನ್ನೊಬ್ಬರು ಬರುತ್ತಾರೆ, ಸಂಜೆಗೆ ಎರಡು ಕಿಲೋ ಮಿಕ್ಕರೆ ಹೆಚ್ಚು. ನೂರಕ್ಕೆ ಮೂರರಷ್ಟು. ಪಾಲಕ್ ಹಿಟ್ಟು ದಿನಕ್ಕೆ ನಾಲ್ಕು ಕಿಲೋ ಮಾಡಿದರೆ, ಇಬ್ಬರು ಬಾರದ ದಿನ ಒಂದು ಕಿಲೋ ಮಿಗುತ್ತದೆ. ನೂರಕ್ಕೆ ಇಪ್ಪತ್ತೈದು. ಗಿರಾಕಿ ಕಡಿಮೆ ಇದ್ದಷ್ಟೂ ಏರುಪೇರು ಹೆಚ್ಚು. ಹೀಗೆ ನಾಲ್ಕು ಬಗೆ ಇಟ್ಟರೆ ಅಂಥ ದಿನ ನಾಲ್ಕು ಕಿಲೋವರೆಗೂ ಎಸೆಯಬೇಕು, ಇಲ್ಲವೇ ನಾಳೆ ಮಾರಬೇಕು. ನಾಳೆ ಮಾರಿದ ಹುಳಿ ಹಿಟ್ಟು ಹಲಗೆಯ ಮೇಲೆ ಬರೆದ ಮಾತನ್ನೇ ಸುಳ್ಳು ಮಾಡುತ್ತದೆ. ಅದೂ ಅಲ್ಲದೆ ರಾಗಿಯ ಹಿಟ್ಟು ಹದಕ್ಕೆ ಬರುವ ಗಂಟೆ ಬೇರೆ, ತರಕಾರಿ ಬೆರೆತದ್ದು ಕೆಡುವ ಗಂಟೆ ಬೇರೆ. ಒಂದು ಹಿಟ್ಟಿನ ನಡತೆ ತಿಳಿಯಲು ನಮಗೆ ಒಂದು ಸುತ್ತು ಋತುಗಳು ಬೇಕಾಗಿದ್ದವು. ನಾಲ್ಕನ್ನು ಒಟ್ಟಿಗೆ ತಂದರೆ ನಾಲ್ಕೂ ಅರೆಬರೆ.

"ಹಾಗಾದರೆ ಬೇಡವೇ ಬೇಡ ಅಂತೀರಾ?" ಎಂದ. ಹಾಗಲ್ಲ ಎಂದೆ. ರಾಗಿ ಹಿಟ್ಟನ್ನು ಶುರು ಮಾಡಿದೆವು, ಶನಿವಾರ ಮಾತ್ರ, ಗುರುವಾರದೊಳಗೆ ಹೆಸರು ಬರೆಸಿದವರಿಗೆ ಮಾತ್ರ. ಬರೆಸಿದಷ್ಟೇ ರುಬ್ಬುವುದರಿಂದ ಮಿಗುವ ಮಾತೇ ಇಲ್ಲ. ಅದು ಚೆನ್ನಾಗಿ ನಡೆಯಿತು, ಈಗಲೂ ನಡೆಯುತ್ತಿದೆ. ಹೊಸ ಬಗೆಯನ್ನು ತಂದದ್ದು ಹಳೆಯ ಮಾತು ಮುರಿಯದ ರೀತಿಯಲ್ಲಿ.

ಕೊಟ್ಟ ಮಾತು ಉಳಿಸಲು ಬೇಡವೆನ್ನುವುದನ್ನೂ ಕಲಿಯಬೇಕಾಯಿತು. ಹತ್ತಿರದ ಛತ್ರದವರು ಮದುವೆಗೆ ಮರುದಿನಕ್ಕೆ 80 ಕಿಲೋ ಬೇಕೆಂದು ಬಂದರು, ಮುಂಗಡ ಕೈಯಲ್ಲೇ ಹಿಡಿದಿದ್ದರು. ನಮ್ಮ ಎರಡು ಗ್ರೈಂಡರು ಖಾಯಂ ಮನೆಗಳ ಹಿಟ್ಟು ರುಬ್ಬಿದ ಮೇಲೆ ಮತ್ತೆ ಅಷ್ಟು ರುಬ್ಬಲಾರವು. ಇಪ್ಪತ್ತು ಕಿಲೋ ಕೊಡಬಲ್ಲೆ ಎಂದೆ. ಅವರು ಬೇರೆ ಕಡೆ ಹೋದರು. "ಒಂದು ದಿನದ್ದಲ್ವಾ, ಮನೆಯವರಿಗೆ ಇವತ್ತು ಇಲ್ಲ ಅಂದಿದ್ದರೆ ಆಗ್ತಿತ್ತು" ಎಂದು ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಬೇಸರಪಟ್ಟಳು. ಮದುವೆಯವರು ವರ್ಷಕ್ಕೊಮ್ಮೆಯೂ ಬರುವುದಿಲ್ಲ, ಮನೆಯವರು ವಾರಕ್ಕೆರಡು ಸಲ ಬರುತ್ತಾರೆ. ಒಂದು ಸಂಜೆ ಬರಿಗೈಯಲ್ಲಿ ಹೋದವರು ಮರುವಾರ ಹೊರಡುವ ಮುಂಚೆ "ಇರುತ್ತೋ ಇಲ್ಲವೋ" ಎಂದು ಯೋಚಿಸುತ್ತಾರೆ. ಆ ಯೋಚನೆ ಬಾರದಿರುವುದಕ್ಕೇ ಅವರು ನಮಗೆ ದುಡ್ಡು ಕೊಡುತ್ತಿರುವುದು.

ಇಷ್ಟೆಲ್ಲ ಹೇಳಿದಮೇಲೂ, ಭರವಸೆಯೊಂದಿದ್ದರೆ ಯಾವ ವ್ಯಾಪಾರವಾದರೂ ನಡೆಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಗೆಳತಿಯೊಬ್ಬಳು ಬೇಕರಿ ತೆರೆಯಬೇಕೆಂದು ಕೇಳಿದಾಗ ನಾನು ಬೇಡವೆಂದೆ. ಅವಳ ಬೀದಿಯಲ್ಲಿ ಮೂವತ್ತು ವರ್ಷದಿಂದ ಒಂದು ಬೇಕರಿ ಇತ್ತು. ಬೆಳಿಗ್ಗೆ ಆರಕ್ಕೆ ಬಾಗಿಲು, ಆರೂವರೆಗೆ ಬಿಸಿ ಬ್ರೆಡ್ಡು, ಎಂದೂ ತಪ್ಪಿದ್ದಿಲ್ಲ. ಜನರಿಗೆ ಬೇಕಾದ ನಂಬಿಕೆ ಅಲ್ಲಿ ಆಗಲೇ ಸಿಗುತ್ತಿತ್ತು. ಸಿಗುತ್ತಿರುವುದನ್ನೇ ಇನ್ನೊಮ್ಮೆ ಕೊಡುತ್ತೇನೆಂದರೆ ಯಾರೂ ದಾರಿ ಬದಲಿಸುವುದಿಲ್ಲ. ಅಲ್ಲಿ ಅವಳಿಗೆ ನಿಜವಾಗಿಯೂ ಬೇರೆಯದೇ ಏನಾದರೂ ಬೇಕಿತ್ತು. ಅವಳು ಬ್ರೆಡ್ಡು ಬನ್ನಿನ ಯೋಚನೆ ಬಿಟ್ಟು ಮೊಟ್ಟೆಯಿಲ್ಲದ ಹುಟ್ಟುಹಬ್ಬದ ಕೇಕು, ಮಕ್ಕಳು ಬರೆದ ಚಿತ್ರವನ್ನೇ ಮೇಲೆ ಬಿಡಿಸಿ ಕೊಡುವುದು, ಹೀಗೆ ಶುರುಮಾಡಿದಳು. ವರ್ಷಕ್ಕೊಮ್ಮೆ ಕೊಳ್ಳುವ ವಸ್ತುವಿನಲ್ಲಿ ಜನ ಮೊದಲು ನೋಡುವುದು ಬೇರೆ ಥರ ಇದೆಯೇ ಎಂದು. ವಾರಕ್ಕೆರಡು ಸಲ ಕೊಳ್ಳುವುದರಲ್ಲಿ ನೋಡುವುದು ಮೊನ್ನೆಯಂತೆಯೇ ಇದೆಯೇ ಎಂದು. ಗಿರಾಕಿ ಎಷ್ಟು ದಿನಕ್ಕೊಮ್ಮೆ ಮರಳಿ ಬರುತ್ತಾನೆ, ಈಗಿರುವವರು ಎಲ್ಲಿ ತಪ್ಪುತ್ತಿದ್ದಾರೆ: ಈ ಎರಡಕ್ಕೆ ಉತ್ತರ ಸಿಕ್ಕರೆ ವಿಶೇಷ ಬೇಕೋ ಬೇಡವೋ ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಯಾರೂ ತಪ್ಪದ ಕಡೆ ನಂಬಿಕೆಯೊಂದನ್ನೇ ಹೊತ್ತು ಹೋಗಬಾರದು.

ಮೊನ್ನೆ ಕುವೆಂಪುನಗರದ ಹುಡುಗಿಯೊಬ್ಬಳು ಬಂದಿದ್ದಳು. ಮಕ್ಕಳು ದೂರದಲ್ಲಿರುವ ವಯಸ್ಸಾದ ದಂಪತಿಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕೊಡಬೇಕೆಂದಿದ್ದಾಳೆ. "ಸಿರಿಧಾನ್ಯದ ಊಟ ಅಂತ ಹೆಸರಿಡಲಾ ಆಂಟಿ?" ಎಂದು ಕೇಳಿದಳು. ಈಗಿನ ಡಬ್ಬಿಯವರಿಂದ ಒಂದು ತಿಂಗಳು ನೀನೇ ತರಿಸಿಕೊಂಡು ನೋಡು, ತರಿಸಿಕೊಳ್ಳುವ ಹಿರಿಯರ ಮನೆಗೂ ಹೋಗಿ ಕೇಳು ಎಂದು ಕಳಿಸಿದೆ. ತಿಂಗಳ ಮೇಲೆ ಬಂದಳು. ಅಡುಗೆಯ ಬಗ್ಗೆ ಹಿರಿಯರಿಗೆ ಹೆಚ್ಚು ದೂರಿರಲಿಲ್ಲವಂತೆ. ದೂರು ಇದ್ದದ್ದು ಹೊತ್ತಿನ ಬಗ್ಗೆ. ಡಬ್ಬಿ ಒಂದು ದಿನ ಹನ್ನೆರಡೂವರೆಗೆ ಬಂದರೆ ಇನ್ನೊಂದು ದಿನ ಎರಡಕ್ಕೆ. ಸಕ್ಕರೆ ಕಾಯಿಲೆಯವರು ಊಟಕ್ಕೆ ಮುಂಚಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದೇ ತಿಳಿಯದೆ ಕಾದು ಕೂರುತ್ತಿದ್ದರಂತೆ. ಹಬ್ಬದ ದಿನ ಡಬ್ಬಿಯೇ ಇಲ್ಲ. "ಹನ್ನೆರಡೂವರೆಗೆ, ವರ್ಷದ ಎಲ್ಲಾ ದಿನ, ಹಬ್ಬಕ್ಕೂ" ಎಂದು ತನ್ನ ಚೀಟಿಯಲ್ಲಿ ಅಚ್ಚು ಹಾಕಿಸಬೇಕೆಂದಿದ್ದಳು. ಇದು ವಿಶೇಷವೋ, ಬರೀ ನಂಬಿಕೆಯೋ ಎಂದು ನನ್ನನ್ನೇ ಕೇಳಿದಳು. ಕಾದು ಕೂತ ಆ ಹಿರಿಯರಿಗೆ ಎರಡೂ ಒಂದೇ ಎಂದೆ.

ಆಮೇಲೆ ಕೂತು ಅವಳ ಕೆಲಸದ ಪಟ್ಟಿ ಮಾಡಿದೆವು. ಎಷ್ಟು ಮನೆಯವರೆಗೆ ಒಬ್ಬ ಹುಡುಗ ಸ್ಕೂಟರಿನಲ್ಲಿ ಹನ್ನೆರಡೂವರೆಯೊಳಗೆ ತಲುಪಬಲ್ಲ, ಅವನು ಬಾರದ ದಿನ ಯಾರು ಹೋಗುತ್ತಾರೆ, ಗ್ಯಾಸ್ ಮುಗಿದರೆ ಎರಡನೇ ಸಿಲಿಂಡರ್ ಎಲ್ಲಿದೆ, ಯುಗಾದಿಯ ದಿನ ಅಡುಗೆಗೆ ಯಾರು ಬರುತ್ತಾರೆ. ಮೊದಲ ಮೂರಕ್ಕೆ ಅವಳ ಹತ್ತಿರ ಉತ್ತರವಿತ್ತು. ನಾಲ್ಕನೆಯದು ಗೊತ್ತಾಗುವವರೆಗೆ ಚೀಟಿ ಅಚ್ಚಿಗೆ ಕೊಡಬೇಡ ಎಂದು ಹೇಳಿದ್ದೇನೆ.